ಎಲೆಕ್ಟ್ರಿಕ್ ಕಾರಿಗೆ ಯಾವ ಆಯಿಲ್, ಯಾವ ಕೂಲಂಟ್?

2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ರೇವಾ ಕಾರಿನಲ್ಲಿ ಸೀಸದ ಬ್ಯಾಟರಿ ಇತ್ತು. ಅದರ ಮಾಲೀಕರು ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಿರಬೇಕಿತ್ತು. ಇಂದಿನ ಲಿಥಿಯಂ ಬ್ಯಾಟರಿಗೆ ನೀರು ಕುಡಿಸುವ ಕೆಲಸವಿಲ್ಲ, ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಆದರೂ ಇಂಥ ಕಾರಿನಲ್ಲಿ ದ್ರವಗಳು ಇಲ್ಲದಿಲ್ಲ. ಬ್ಯಾಟರಿ, ಮೋಟಾರುಗಳನ್ನು ತಂಪಾಗಿಡುವ ಕೂಲಂಟ್, ಮೋಟಾರಿನ ವೇಗವನ್ನು ತಗ್ಗಿಸಿ ಚಕ್ರಕ್ಕೆ ಕೊಡುವ ಗೇರ್‌ಬಾಕ್ಸಿನ ಆಯಿಲ್, ಬ್ರೇಕ್ ಆಯಿಲ್, ಏಸಿ ಕಂಪ್ರೆಸರಿನ ಎಣ್ಣೆ ಎಲ್ಲವೂ ಇವೆ. ಇವುಗಳಲ್ಲಿ ಯಾವುದನ್ನು ನಾವು ಆರಿಸಬಹುದು, ಯಾವುದನ್ನು ಆರಿಸಲು ಹೋಗಬಾರದು ಎಂಬುದು ತಿಳಿದಿದ್ದರೆ ಮಾಗಡಿ ರಸ್ತೆಯ ಬಿಡಿಭಾಗದ ಅಂಗಡಿಯ ಮುಂದೆ ನಿಂತಾಗ ಗೊಂದಲವಾಗುವುದಿಲ್ಲ.

ಉದಾಹರಣೆಗೆ 2019ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಕಾರನ್ನು ತೆಗೆದುಕೊಳ್ಳೋಣ. ಅದರ ಕೂಲಂಟ್ ಕಥೆಯೂ ಗೇರ್ ಆಯಿಲ್ ಕಥೆಯೂ ಬೇರೆ ಕಾರಿನವರಿಗೂ ಪಾಠವಾಗುವಂಥವು.

ಮೊದಲು ಕೂಲಂಟ್. ಬ್ಯಾಟರಿ ಪೆಟ್ಟಿಗೆಯೊಳಗೆ ಸೆಲ್‌ಗಳ ಕೆಳಗೆ ಅಲ್ಯುಮಿನಿಯಂ ತಟ್ಟೆಗಳಿರುತ್ತವೆ. ಕೂಲಂಟ್ ಆ ತಟ್ಟೆಯೊಳಗಿನ ಕಾಲುವೆಗಳಲ್ಲಿ ಹರಿಯುತ್ತದೆಯೇ ಹೊರತು ಸೆಲ್‌ಗಳನ್ನು ನೇರವಾಗಿ ಮುಟ್ಟುವುದಿಲ್ಲ. ಎಲ್ಲ ಸರಿಯಿರುವವರೆಗೆ ಕೂಲಂಟಿಗೆ ವಿದ್ಯುತ್ತಿನೊಂದಿಗೆ ಸಂಬಂಧವೇ ಇಲ್ಲ. ಅಪಘಾತದಲ್ಲಿ ತಟ್ಟೆ ಬಿರುಕು ಬಿಟ್ಟರೆ ಅಥವಾ ಒಂದು ಬೆಸುಗೆ ಸೋರಿದರೆ ಮಾತ್ರ ಕಥೆ ಬೇರೆ. ಆಗ ಕೂಲಂಟ್ ಹೋಗಿ ನಿಲ್ಲುವುದು ಮುನ್ನೂರಕ್ಕೂ ಹೆಚ್ಚು ವೋಲ್ಟ್ ಇರುವ ಜಾಗದಲ್ಲಿ. ಪೆಟ್ರೋಲ್ ಕಾರಿಗೆ ಹಾಕುವ ಸಾಮಾನ್ಯ ಕೂಲಂಟ್ ತುಕ್ಕು ತಡೆಯುವ ಲವಣಗಳಿಂದ ತುಂಬಿರುವುದರಿಂದ ವಿದ್ಯುತ್ತನ್ನು ಚೆನ್ನಾಗಿಯೇ ಸಾಗಿಸುತ್ತದೆ. ಕರೆಂಟ್ ಹರಿದು ನೀರು ಒಡೆದು ಹೈಡ್ರೋಜನ್ ಹುಟ್ಟಬಹುದು, ಶಾರ್ಟ್ ಆಗಿ ಬೆಂಕಿಯೂ ಬೀಳಬಹುದು.

ಈ ಕಾರಣಕ್ಕೆ ಹುಟ್ಟಿದ್ದು ಕಡಿಮೆ ವಾಹಕತೆಯ ಕೂಲಂಟ್. ವಿದ್ಯುತ್ ವಾಹಕತೆಯನ್ನು ಮೈಕ್ರೋಸೀಮೆನ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯ ಕೂಲಂಟಿನಲ್ಲಿ ಅದು ಸೆಂಟಿಮೀಟರಿಗೆ ಸಾವಿರಗಳಲ್ಲಿ ಇದ್ದರೆ, ಹೊಸದಾದ ಕಡಿಮೆ ವಾಹಕತೆಯ ಕೂಲಂಟಿನಲ್ಲಿ 100ಕ್ಕಿಂತ ಕಡಿಮೆ. ಕೋನಾ ಮೊದಲು ಬಂದಾಗ ಅದರಲ್ಲಿ ಸಾಮಾನ್ಯ ಬಗೆಯ ಕೂಲಂಟೇ ಇತ್ತು. 2020ರ ಸುಮಾರಿಗೆ ಕಂಪನಿ ನೀಲಿ ಬಣ್ಣದ ಕಡಿಮೆ ವಾಹಕತೆಯ ಕೂಲಂಟಿಗೆ ಬದಲಾಯಿಸಿತು. ಅಂದರೆ ಒಂದೇ ಹೆಸರಿನ, ನೋಡಲು ಒಂದೇ ತರಹದ ಎರಡು ಕಾರುಗಳ ಕೂಲಂಟ್ ಬೇರೆಬೇರೆಯಾಗಿರಬಹುದು. ಬಸವೇಶ್ವರನಗರದಲ್ಲಿ ಸೆಕೆಂಡ್ ಹ್ಯಾಂಡ್ ಕೋನಾ ಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ.

ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ. ಬಣ್ಣ ಎಂಬುದು ತಯಾರಕರು ಬೆರೆಸುವ ಡೈ ಅಷ್ಟೇ, ನೀಲಿ ಬಣ್ಣದ ಸಾಮಾನ್ಯ ಕೂಲಂಟೂ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಕುಡಿಯುವ ನೀರು ನೋಡಲು ಟಿಡಿಎಸ್ ಪೆನ್ ಇರುತ್ತದೆ. ಅದು ಅಳೆಯುವುದು ವಾಹಕತೆಯನ್ನೇ, ತೋರಿಸುವುದು ಮಾತ್ರ ಪಿಪಿಎಂ ಲೆಕ್ಕದಲ್ಲಿ, ಸರಿಸುಮಾರು ಅರ್ಧ ಮಾಡಿ. ಕಾರು ಆಫ್ ಆಗಿ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಟ್ಯಾಂಕಿನಿಂದ ಶುಭ್ರವಾದ ಡ್ರಾಪರಿನಲ್ಲಿ ಸ್ವಲ್ಪ ತೆಗೆದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದ ಪೆನ್ನನ್ನು ಅದರಲ್ಲಿ ಅದ್ದಿ ನೋಡಬಹುದು. ಹೊಸ ಕಡಿಮೆ ವಾಹಕತೆಯ ಕೂಲಂಟಾದರೆ ಎರಡಂಕಿಯ ಆಸುಪಾಸು ತೋರಿಸುತ್ತದೆ, ಸಾಮಾನ್ಯ ಕೂಲಂಟಾದರೆ ಸಾವಿರದ ಆಚೆ. ಗ್ಲೈಕಾಲ್ ಬೆರೆತಿರುವುದರಿಂದ ಅಂಕಿ ಕರಾರುವಾಕ್ಕಲ್ಲ, ಆದರೆ ವ್ಯತ್ಯಾಸ ಅಷ್ಟು ದೊಡ್ಡದಾದ್ದರಿಂದ ಬಗೆ ಯಾವುದೆಂದು ತಿಳಿಯಲು ಸಾಕು. ನೀಲಿ ಕೂಲಂಟ್ ಇದ್ದೂ ಅಂಕಿ ನೂರುಗಳಲ್ಲಿ ಬಂದರೆ ಅದು ಹಳತಾಗಿದೆ, ಇಲ್ಲವೇ ಯಾರೋ ಬೇರೆಯದನ್ನು ಬೆರೆಸಿದ್ದಾರೆ ಎಂದರ್ಥ. ಆ ಪೆನ್ನನ್ನು ಮತ್ತೆ ಕುಡಿಯುವ ನೀರಿಗೆ ಹಾಕಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ.

ಕೂಲಂಟಿನ ಮಟ್ಟ ಸ್ವಲ್ಪ ಇಳಿದಿದೆ ಎಂದು ನಲ್ಲಿ ನೀರು ಸುರಿಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಬೋರ್‌ವೆಲ್ಲಿನ ಗಡಸು ನೀರಿನ ಒಂದೇ ಒಂದು ಲೀಟರ್ ಸಾಕು, ದುಬಾರಿ ಕೂಲಂಟಿನ ಗುಣ ಕೆಡಲು. ಕಾವೇರಿ ನೀರೂ ಈ ಕೆಲಸಕ್ಕೆ ಆಗದು. ಕಡಿಮೆ ವಾಹಕತೆಯ ಕೂಲಂಟಿಗೆ ಕಂಪನಿ ಹೇಳಿದ, ಮೊದಲೇ ನೀರು ಬೆರೆಸಿ ಬರುವ ಕೂಲಂಟನ್ನೇ ಹಾಕಬೇಕು. ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲವಲ್ಲ, ಗ್ಲೈಕಾಲ್ ಏಕೆ ಎಂದು ಕೆಲವರು ಕೇಳುತ್ತಾರೆ. ಶಾಖ ಸಾಗಿಸುವುದರಲ್ಲಿ ಬರೀ ನೀರು ನಿಜಕ್ಕೂ ಮೇಲು. ಆದರೆ ಅಲ್ಯುಮಿನಿಯಂ ತಟ್ಟೆ, ರೇಡಿಯೇಟರು, ಪಂಪುಗಳನ್ನು ತುಕ್ಕಿನಿಂದ ಕಾಯುವ ರಾಸಾಯನಿಕಗಳು ಆ ಮಿಶ್ರಣದಲ್ಲೇ ಇರುವುದು, ಅವನ್ನು ತೆಳುವಾಗಿಸಿದರೆ ಕಾವಲು ಹೋಗುತ್ತದೆ. ಕಡಿಮೆ ವಾಹಕತೆಯ ಬಗೆಯಲ್ಲಿ ಆ ರಾಸಾಯನಿಕಗಳೇ ಕಡಿಮೆ. ಹಾಗಾಗಿ ಅದನ್ನು ಸಾಮಾನ್ಯ ಕೂಲಂಟಿಗಿಂತ ಬೇಗ ಬದಲಿಸಬೇಕಾಗುತ್ತದೆ.

ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ತಾನಾಗಿ ಖಾಲಿಯಾಗುವುದಿಲ್ಲ. ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ಸೋರಿಕೆ ಎಲ್ಲಿ ಎಂದು ಹುಡುಕಬೇಕು, ತುಂಬಿಸಿ ಸುಮ್ಮನಾಗಬಾರದು. ಅದರ ಜೊತೆಗೆ ಇನ್ಸುಲೇಷನ್ ದೋಷದ ಎಚ್ಚರಿಕೆಯೂ ಬಂದರೆ ಕಾರನ್ನು ಓಡಿಸದೆ ಸರ್ವೀಸ್ ಸೆಂಟರಿಗೆ ಎಳೆಸಿಕೊಂಡು ಹೋಗಿ. ಪೂರ್ತಿ ಕೂಲಂಟ್ ಬದಲಿಸುವುದೂ ಬೀದಿ ಬದಿಯ ಕೆಲಸವಲ್ಲ. ಹೊಸದನ್ನು ತುಂಬಿದ ಮೇಲೆ ಸ್ಕ್ಯಾನರ್ ಜೋಡಿಸಿ, ಎಲೆಕ್ಟ್ರಿಕ್ ಪಂಪುಗಳನ್ನು ಓಡಿಸಿ, ಒಳಗಿನ ಗಾಳಿಯನ್ನು ಹೊರಹಾಕಬೇಕು. ಗಾಳಿ ಉಳಿದರೆ ಬ್ಯಾಟರಿಯ ಒಂದು ಭಾಗ ಬಿಸಿಯಾಗಿಯೇ ಇರುತ್ತದೆ. ಹಳೆಯ ಕೂಲಂಟನ್ನು ಮೋರಿಗೆ ಬಿಡುವುದೂ ಬೇಡ, ರಾಜಾಜಿನಗರದಿಂದ ಕೆಂಗೇರಿವರೆಗಿನ ನಮ್ಮ ರಾಜಕಾಲುವೆಗಳು ಸೇರುವುದು ವೃಷಭಾವತಿಯನ್ನು. ಒಟ್ಟಿನಲ್ಲಿ ಕೂಲಂಟಿನ ವಿಷಯದಲ್ಲಿ ಮಾಲೀಕರಿಗೆ ಇರುವ ಆಯ್ಕೆ ತೀರಾ ಚಿಕ್ಕದು. ಕೋನಾದ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಕೆಲವು ನೂರು ರೂಪಾಯಿ ಉಳಿಸಲು ಅದನ್ನು ಪಣಕ್ಕಿಡುವುದು ತರವಲ್ಲ.

ಗೇರ್ ಆಯಿಲ್ ಹಾಗಲ್ಲ. ಇಲ್ಲಿ ಮಾಲೀಕರಿಗೆ ನಿಜವಾದ ಆಯ್ಕೆ ಇದೆ. ಮೋಟಾರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೀರಿ ತಿರುಗಬಲ್ಲದು. ಅದನ್ನು ಸುಮಾರು ಎಂಟು, ಹತ್ತು ಪಟ್ಟು ತಗ್ಗಿಸಿ ಚಕ್ರಕ್ಕೆ ಕೊಡುವುದು ಒಂದೇ ಗೇರಿನ ಚಿಕ್ಕ ಪೆಟ್ಟಿಗೆ. ಕೋನಾದಲ್ಲಿ ಅದಕ್ಕೆ ಬೇಕಾದ ಆಯಿಲ್ ಸುಮಾರು ಒಂದು ಲೀಟರ್. ಕಂಪನಿ ಹೇಳುವುದು 70ಡಬ್ಲ್ಯೂ ದಪ್ಪದ ಜಿಎಲ್-4 ಆಯಿಲ್. ಸಾಮಾನ್ಯ ಬಳಕೆಯಲ್ಲಿ ಬರೀ ಪರೀಕ್ಷೆ ಸಾಕು, ಬದಲಿಸಬೇಕಿಲ್ಲ ಎಂಬುದು ಕೈಪಿಡಿಯ ಮಾತು. ಆದರೆ ಬೇರೆ ಬೇರೆ ದೇಶಗಳ ಮಾಲೀಕರು ಇದನ್ನು ಬೇಗನೆ ಬಿಚ್ಚಿ ನೋಡಿದಾಗ ಆಯಿಲ್ ಕಪ್ಪಾಗಿ ಹೊರಬಂತು. ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿಯನ್ನು ಹಿಡಿದಿಡಲು ಆ ಪೆಟ್ಟಿಗೆಯಲ್ಲಿ ಆಯಿಲ್ ಫಿಲ್ಟರ್ ಇಲ್ಲ. ಪುಡಿ ಆಯಿಲಿನಲ್ಲೇ ಸುತ್ತುತ್ತಿರುತ್ತದೆ. ಹಾಗಾಗಿ ಮೊದಲ ಕೆಲವು ಹತ್ತು ಸಾವಿರ ಕಿ.ಮೀ. ಒಳಗೆ ಒಮ್ಮೆ ಬದಲಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

ಆರಿಸುವಾಗ ಡಬ್ಬಿಯ ಮೇಲೆ ನೋಡಬೇಕಾದದ್ದು ಎರಡು. ಒಂದು ದಪ್ಪ. ಎಲ್ಲ ಅಂಗಡಿಗಳಲ್ಲೂ ಸಿಗುವ 75ಡಬ್ಲ್ಯೂ-90 ಆಯಿಲ್ 70ಡಬ್ಲ್ಯೂಗಿಂತ ದಪ್ಪ. ಹಾಕಿದರೆ ಗೇರ್ ಒಡೆಯುವುದಿಲ್ಲ, ಆದರೆ ಅದನ್ನು ಕಲಕುತ್ತಲೇ ಒಂದಿಷ್ಟು ಚಾರ್ಜ್ ಹೋಗಿ ರೇಂಜ್ ತಗ್ಗುತ್ತದೆ. ಎರಡನೆಯದು ಜಿಎಲ್ ದರ್ಜೆ. ಜಿಎಲ್-5 ಎಂದರೆ ಜಿಎಲ್-4ಕ್ಕಿಂತ ಒಳ್ಳೆಯದು ಎಂದು ಅಂಗಡಿಯವರು ಹೇಳುವುದುಂಟು. ಲಾರಿಯ ಡಿಫರೆನ್ಷಿಯಲಿಗೆ ಅದು ನಿಜ. ಆದರೆ ಜಿಎಲ್-5ರಲ್ಲಿ ಗಂಧಕ, ರಂಜಕಗಳ ಅಂಶ ಹೆಚ್ಚು, ತಾಮ್ರಕ್ಕೆ ಅದು ಆಗಿಬರುವುದಿಲ್ಲ. ಡಬ್ಬಿಯ ಮೇಲೆ ‘ಇವಿ’ ಎಂದಷ್ಟೇ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಎಲ್ಲ ಎಲೆಕ್ಟ್ರಿಕ್ ಕಾರಿಗೂ ಒಂದೇ ಆಯಿಲ್ ಎಂಬುದಿಲ್ಲ.

ಈ ಸ್ವಾತಂತ್ರ್ಯಕ್ಕೂ ಒಂದು ಗಡಿ ಇದೆ. ಕೋನಾದಲ್ಲಿ ಮೋಟಾರನ್ನು ತಂಪು ಮಾಡುವುದು ಕೂಲಂಟ್, ಗೇರ್ ಆಯಿಲ್ ತಾಮ್ರದ ಸುರುಳಿಯನ್ನು ಮುಟ್ಟುವುದಿಲ್ಲ. ಹ್ಯುಂಡೈಯದೇ ಅಯಾನಿಕ್ 5ರಲ್ಲಿ ಆಯಿಲೇ ಸುರುಳಿಯ ಮೇಲೆ ಹರಿದು ಮೋಟಾರನ್ನು ತಂಪು ಮಾಡುತ್ತದೆ. ಅಂಥ ಕಾರಿನಲ್ಲಿ ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಪ್ರಯೋಗ ಬೇಡ.

ಕೆಲಸದ ಕ್ರಮ ಹೀಗಿದೆ. ಸ್ವಲ್ಪ ಓಡಿಸಿ ಬೆಚ್ಚಗಾದ ಕಾರನ್ನು ನಾಲ್ಕೂ ಚಕ್ರ ಒಂದೇ ಮಟ್ಟದಲ್ಲಿರುವಂತೆ ಲಿಫ್ಟಿಗೆ ಏರಿಸಬೇಕು. ಒಂದು ಕಡೆ ಜಾಕ್ ಕೊಟ್ಟು ಎತ್ತಿದರೆ ಆಯಿಲ್ ಮಟ್ಟ ತಪ್ಪುತ್ತದೆ. ಅಡಿಯ ಕವರ್ ತೆಗೆದು ಮೊದಲು ಬಿಚ್ಚಬೇಕಾದದ್ದು ಮೇಲಿನ, ತುಂಬಿಸುವ ಬೋಲ್ಟ್. ಅದು ಬಿಚ್ಚದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಮೇಲಿನದು ಜಾಮ್ ಆಗಿದೆ ಎಂದು ಗೊತ್ತಾದರೆ ಕಾರು ಲಿಫ್ಟಿನಿಂದ ಇಳಿಯುವಂತಿಲ್ಲ. ಹಳೆಯ ಆಯಿಲ್ ಪೂರ್ತಿ ಇಳಿದ ಮೇಲೆ ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟ್ ಬಿಗಿದು, ಮೇಲಿನ ತೂತಿನಿಂದ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಿಸಬೇಕು. ಇಳಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ನೋಡಿ. ಕಪ್ಪು ಬಣ್ಣ, ನುಣುಪಾದ ಬೂದು ಪುಡಿ ಇದ್ದರೆ ಹೆದರಬೇಕಿಲ್ಲ. ಕೈಗೆ ಸಿಗುವ ಲೋಹದ ಚೂರು ಇದ್ದರೆ ಗೇರ್ ಅಥವಾ ಬೇರಿಂಗ್ ಸವೆದಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಒಳಹೊಕ್ಕಿದೆ, ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ದಾಟಿದ ಕಾರುಗಳಲ್ಲಿ ಇದನ್ನು ಗಮನಿಸಬೇಕು. ವೇಗಕ್ಕೆ ತಕ್ಕಂತೆ ಏರುವ ಕೊರೆತದ ಸದ್ದು ಹೊಸ ಆಯಿಲ್ ಹಾಕಿದ ಮೇಲೂ ಹೋಗದಿದ್ದರೆ ಬೇರಿಂಗನ್ನು ಅನುಮಾನಿಸಿ.

ಬ್ರೇಕ್ ಆಯಿಲ್‌ನ ವಿಷಯ ಸುಲಭ. ಬ್ರೇಕಿಂಗಿನ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಪ್ಯಾಡ್ ಬೇಗ ಸವೆಯುವುದಿಲ್ಲ, ಅದಕ್ಕೇ ಬ್ರೇಕ್ ಆಯಿಲನ್ನು ಎಲ್ಲರೂ ಮರೆಯುತ್ತಾರೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಕಾರು ಓಡಲಿ ಬಿಡಲಿ. ಡಾಟ್ 4 ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕೈಪಿಡಿಯಲ್ಲಿ ಡಾಟ್ 4 ಎಂದಿದ್ದರೆ ಯಾವುದೇ ನಂಬಿಕಸ್ಥ ಕಂಪನಿಯದನ್ನು ಹಾಕಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೆಸರು ಹತ್ತಿರವಿದ್ದರೂ ಸಿಲಿಕೋನಿನ ಡಾಟ್ 5 ಮಾತ್ರ ಬೇಡ.

ಏಸಿ ಗ್ಯಾಸ್ ತುಂಬಿಸುವಾಗ ಇನ್ನೊಂದು ಎಚ್ಚರ ಬೇಕು. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರಿನ ಮೋಟಾರ್ ಅದರೊಳಗಿನ ಎಣ್ಣೆಯಲ್ಲೇ ತಿರುಗುತ್ತದೆ, ಅದಕ್ಕೆ ವಿದ್ಯುತ್ ಸಾಗಿಸದ ಪಿಓಇ ಎಣ್ಣೆ ಬಳಸುತ್ತಾರೆ. ಪೆಟ್ರೋಲ್ ಕಾರುಗಳಲ್ಲಿ ಬಳಸುವ ಪಿಎಜಿ ಎಣ್ಣೆ ಗ್ಯಾಸ್ ತುಂಬಿಸುವ ಮೆಷಿನಿನ ಪೈಪಿನಲ್ಲಿ ಉಳಿದು ಬೆರೆತರೆ ಇನ್ಸುಲೇಷನ್ ದೋಷ ಬಂದು ಕಾರು ನಿಲ್ಲಬಹುದು. ಕೋನಾದಂಥ ಕಾರುಗಳಲ್ಲಿ ಬ್ಯಾಟರಿಯನ್ನು ತಂಪು ಮಾಡಲೂ ಇದೇ ಏಸಿ ಬೇಕು. ಆದ್ದರಿಂದ ಗ್ಯಾಸ್ ತುಂಬಿಸುವ ಮುಂಚೆ ಎಣ್ಣೆ ಯಾವುದು ಎಂದು ಕೇಳಿ, ಪಿಓಇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಆ ಕೆಲಸ ಮಾಡಿಸಬೇಡಿ.