ಮಿಕ್ಸಿ ಕಡಲು ದಾಟುವ ಮುನ್ನ

ಅಮೆರಿಕದಲ್ಲಿ ಸಂಸಾರ ಹೂಡಲು ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಗಳ ಜೊತೆ ಮಿಕ್ಸಿಗೂ ಒಂದು ಜಾಗ ಇದ್ದೇ ಇರುತ್ತದೆ. ಅಲ್ಲಿನ ಸಾಮಾನ್ಯ ಬ್ಲೆಂಡರ್ ಹಣ್ಣಿನ ರಸಕ್ಕೆ ಸಾಕು. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಕೊಬ್ಬರಿ ಹಾಕಿ ಸಾಂಬಾರಿನ ಮಸಾಲೆ ನುಣ್ಣಗೆ ರುಬ್ಬಲು ಅದು ಒಗ್ಗುವುದಿಲ್ಲ. ಹಾಗಾಗಿ ಮಿಕ್ಸಿ ಒಯ್ಯುವ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಪ್ಲಗ್ಗಿನ ಬಗ್ಗೆ ಮಾತ್ರ. ನಮ್ಮ ಮೂರು ದುಂಡು ಪಿನ್ನು ಅಲ್ಲಿನ ಚಪ್ಪಟೆ ತೂತಿಗೆ ಹೋಗುವುದಿಲ್ಲ, ಒಂದು ಅಡಾಪ್ಟರ್ ತಂದರಾಯಿತು ಎಂದುಕೊಳ್ಳುತ್ತಾರೆ. ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನಷ್ಟೇ. ಅದರೊಳಗೆ ಹರಿದು ಬರುವ ಕರೆಂಟು ಅಲ್ಲಿನದೇ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಗೋಡೆಯ ಸಾಕೆಟ್ಟಿನಲ್ಲಿ ಸಿಗುವುದು 120 ವೋಲ್ಟ್, 60 ಹರ್ಟ್ಸ್. ಈ ಎರಡು ಅಂಕಿಗಳಲ್ಲಿ ಯಾವುದು ನಿಮ್ಮ ವಸ್ತುವಿಗೆ ಮುಖ್ಯ ಎಂಬುದನ್ನು ಅದರ ತಳದಲ್ಲೋ ಬೆನ್ನಿನಲ್ಲೋ ಅಂಟಿಸಿರುವ ಪುಟ್ಟ ಲೇಬಲ್ಲೇ ಹೇಳುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ‘ಇನ್‌ಪುಟ್’ ಎಂಬ ಪದದ ಮುಂದೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ಫೋನು, ಕ್ಯಾಮೆರಾಗಳ ಚಾರ್ಜರುಗಳೂ ಬಹುಮಟ್ಟಿಗೆ ಹೀಗೆಯೇ. ಇವು ಯಾವ ದೇಶದ ಕರೆಂಟನ್ನಾದರೂ ತಾವೇ ಹದ ಮಾಡಿಕೊಳ್ಳುತ್ತವೆ. ಇವಕ್ಕೆ ಅಡಾಪ್ಟರ್ ಸಾಕು. ಚಾರ್ಜರಿನಿಂದ ಬಿಡಿಸಬಹುದಾದ ವೈರ್ ಇದ್ದರೆ ಅಲ್ಲಿಯೇ ಅದೇ ಅಳತೆಯ ವೈರ್ ಕೊಳ್ಳುವುದು ಇನ್ನೂ ಒಳ್ಳೆಯದು. ಸಡಿಲ ಅಡಾಪ್ಟರ್ ಬಿಸಿಯಾಗುವ ತಾಪತ್ರಯ ಇರುವುದಿಲ್ಲ, ಅರ್ಥಿಂಗ್ ಪಿನ್ನೂ ತಪ್ಪುವುದಿಲ್ಲ. ಎರಡೇ ಪಿನ್ನಿನ ಅಗ್ಗದ ಅಡಾಪ್ಟರುಗಳಲ್ಲಿ ಅರ್ಥಿಂಗ್ ಇರುವುದೇ ಇಲ್ಲ. ಲೋಹದ ಮೈಯಿರುವ ಉಪಕರಣಕ್ಕೆ ಅಂಥದ್ದನ್ನು ಹಾಕಲೇಬಾರದು.

ಮಿಕ್ಸಿಯ ಲೇಬಲ್ ನೋಡಿ. ಅಲ್ಲಿ 230 ವೋಲ್ಟ್, 50 ಹರ್ಟ್ಸ್, 750 ವಾಟ್ ಎಂದು ಒಂದೇ ಅಂಕಿ ಬರೆದಿರುತ್ತದೆ. ಇದನ್ನು ಬರೀ ಅಡಾಪ್ಟರ್ ಹಾಕಿ ಅಮೆರಿಕದ ಸಾಕೆಟ್ಟಿಗೆ ಚುಚ್ಚಿದರೆ ಹೊಗೆಯೇನೂ ಏಳುವುದಿಲ್ಲ. ಖಾಲಿ ಜಾರ್ ನಿಧಾನವಾಗಿ ತಿರುಗುತ್ತದೆ. ನೋಡಿದವರು ‘ಓ, ಕೆಲಸ ಮಾಡುತ್ತಿದೆ’ ಎಂದು ನಂಬಿ ಕಾಯಿತುರಿ ಹಾಕುತ್ತಾರೆ, ಬ್ಲೇಡು ಸಿಕ್ಕಿಕೊಂಡು ನಿಲ್ಲುತ್ತದೆ. ಅರ್ಧದಷ್ಟು ವೋಲ್ಟೇಜಿನಲ್ಲಿ ಮೋಟಾರಿಗೆ ಎಳೆಯುವ ಬಲ ಇರುವುದಿಲ್ಲ. ತಿರುಗದೆ ನಿಂತ ಮೋಟಾರಿನಲ್ಲಿ ಹರಿಯುವ ಕರೆಂಟೆಲ್ಲ ಬಿಸಿಯಾಗುತ್ತದೆ. ವಾಸನೆ ಬಂದರೆ, ಅಥವಾ ತಳದ ಓವರ್‌ಲೋಡ್ ಗುಂಡಿ ಹೊರಗೆ ಜಿಗಿದರೆ, ಮತ್ತೆ ಒತ್ತಿ ಹಠ ಹಿಡಿಯಬೇಡಿ.

ಇದಕ್ಕೆ ಬೇಕಾದದ್ದು 120 ವೋಲ್ಟನ್ನು ಏರಿಸಿ ಕೊಡುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಶುರುವಾಗುವ ಗಳಿಗೆಯಲ್ಲಿ ಮೋಟಾರು ತನ್ನ ವಾಟ್‌ಗಿಂತ ಹೆಚ್ಚು ಎಳೆಯುವುದರಿಂದ 750 ವಾಟಿನ ಮಿಕ್ಸಿಗೆ 1500 ವಾಟಿನ ಟ್ರಾನ್ಸ್‌ಫಾರ್ಮರ್ ಹಾಕುವುದು ಕ್ಷೇಮ. ಅದು ತಾಮ್ರದ ಸುರುಳಿ, ಕಬ್ಬಿಣದ ಪಟ್ಟಿಗಳಿಂದ ಮಾಡಿದ ಭಾರದ ಡಬ್ಬಿ, ಅಡುಗೆಮನೆಯ ಕಟ್ಟೆಯ ಮೇಲೆ ಗುಂಯ್ ಎನ್ನುತ್ತಾ ಕೂರುತ್ತದೆ. ಕೆಲಸ ಮುಗಿದ ಮೇಲೂ ಆನ್ ಇಟ್ಟರೆ ಸ್ವಲ್ಪ ಕರೆಂಟು ತಿನ್ನುತ್ತಲೇ ಇರುತ್ತದೆ. ಅಂಗೈಯಷ್ಟು ಹಗುರಾಗಿದ್ದೂ 1600 ವಾಟ್ ಎಂದು ಬರೆದಿರುವ ಪ್ರಯಾಣದ ಕನ್ವರ್ಟರುಗಳು ಬೇರೆ ಜಾತಿಯವು. ಅವು ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುತ್ತವೆ. ಸ್ವಲ್ಪ ಹೊತ್ತು ನಡೆಸುವ ಸರಳ ಹೀಟರಿಗೆ ಅದು ನಡೆದೀತು, ಮೋಟಾರಿಗಲ್ಲ.

ಹರ್ಟ್ಸ್ ಕತೆ ಏನು? ಮಿಕ್ಸಿಯ ಮೋಟಾರಿನಲ್ಲಿ ಇಂಗಾಲದ ಬ್ರಷ್‌ಗಳಿರುತ್ತವೆ, ಅದಕ್ಕೆ 50 ಆದರೇನು, 60 ಆದರೇನು. ವೋಲ್ಟೇಜ್ ಸರಿಯಿದ್ದರೆ ಮಸಾಲೆ ರುಬ್ಬುತ್ತದೆ. ವೆಟ್ ಗ್ರೈಂಡರಿನ ಲೆಕ್ಕ ಬೇರೆ. ಅನೇಕ ಗ್ರೈಂಡರುಗಳಲ್ಲಿರುವುದು ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರ್, ಅದರ ವೇಗ ಹರ್ಟ್ಸ್ ಹೇಳಿದಂತೆ. 60 ಹರ್ಟ್ಸ್‌ನಲ್ಲಿ ಕಲ್ಲು ಸುಮಾರು 20 ಪ್ರತಿಶತ ಬೇಗ ತಿರುಗುತ್ತದೆ, ಎಳೆತದ ಬಲ ತಗ್ಗುತ್ತದೆ, ದೋಸೆ ಹಿಟ್ಟು ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಾಯಿಸಬಲ್ಲುದೇ ಹೊರತು ಹರ್ಟ್ಸನ್ನಲ್ಲ. ಗ್ರೈಂಡರ್ ಬೇಕೇ ಬೇಕೆಂದಿದ್ದರೆ ಅಮೆರಿಕಕ್ಕೆಂದೇ ಮಾಡಿದ 110 ವೋಲ್ಟ್, 60 ಹರ್ಟ್ಸ್ ಮಾದರಿಯನ್ನು ಕೊಳ್ಳುವುದೊಂದೇ ದಾರಿ. ಮಿಕ್ಸಿಗೂ ಇಂಥ ಮಾದರಿಗಳಿವೆ. ಟ್ರಾನ್ಸ್‌ಫಾರ್ಮರಿನ ಬೆಲೆ, ತೂಕ, ಜಾಗ ಎಲ್ಲ ಲೆಕ್ಕ ಹಾಕಿದರೆ ಅದೇ ಲೇಸು ಎಂಬುದು ನನ್ನ ಅಭಿಪ್ರಾಯ.

ನಮ್ಮ 2000 ವಾಟಿನ ಇಂಡಕ್ಷನ್ ಒಲೆಯನ್ನಂತೂ ಇಲ್ಲಿಯೇ ಬಿಟ್ಟು ಹೋಗಿ. ಅಮೆರಿಕದ ಸಾಧಾರಣ ಸಾಕೆಟ್ಟು 15 ಆಂಪಿಯರಿನದು. 120ರಿಂದ ಗುಣಿಸಿದರೆ 1800 ವಾಟ್. ಯಾವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಗೋಡೆ ಕೊಡುವುದಕ್ಕಿಂತ ಹೆಚ್ಚು ಪಡೆಯಲಾಗದು, ಬ್ರೇಕರ್ ಬೀಳುತ್ತದೆ.

ವಾಪಸ್ ಬರುವವರಿಗೆ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ವೋಲ್ಟೇಜ್ ದುಪ್ಪಟ್ಟು ಹತ್ತಿರ. 120 ವೋಲ್ಟಿಗೆ ಮಾಡಿದ 1000 ವಾಟಿನ ಸಾದಾ ರೈಸ್ ಕುಕ್ಕರನ್ನು ಮರೆತು ಬೆಂಗಳೂರಿನ ಸಾಕೆಟ್ಟಿಗೆ ಹಾಕಿದರೆ ಅದು ಎರಡರಷ್ಟಲ್ಲ, ಮೂರೂವರೆ ಪಟ್ಟಿಗೂ ಹೆಚ್ಚು, ಅಂದರೆ 3600 ವಾಟಿಗೂ ಮೇಲೆ ಎಳೆಯಲು ನೋಡುತ್ತದೆ. ಬಿಸಿಯ ಶಕ್ತಿ ವೋಲ್ಟೇಜಿನ ವರ್ಗದಂತೆ ಏರುವುದರಿಂದ ಹೀಗೆ. ಕ್ಷಣದಲ್ಲಿ ಫ್ಯೂಸೋ ಕಾಯಿಲ್ಲೋ ಹೋಗುತ್ತದೆ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಮಾಮೂಲಿ ಮೈಕ್ರೋವೇವ್ ಇನ್ನೊಂದು ತೊಡಕು. ವೋಲ್ಟೇಜ್ ಇಳಿಸಿ ಕೊಟ್ಟರೂ 60 ಹರ್ಟ್ಸ್‌ಗೆ ಅಳೆದು ಮಾಡಿದ ಆ ಟ್ರಾನ್ಸ್‌ಫಾರ್ಮರ್ 50ರಲ್ಲಿ ಅತಿಯಾಗಿ ಕಾಯುತ್ತದೆ. ಅದರ ಗಡಿಯಾರ ಕರೆಂಟಿನ ಅಲೆ ಎಣಿಸಿ ನಡೆಯುವಂಥದ್ದಾದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

ಕೊಲ್ಲಿ ದೇಶಗಳಲ್ಲಿ ದುಬೈ, ಹಾಗೆಯೇ ಲಂಡನ್, ಸಿಂಗಪುರಗಳಿಗೆ ಹೋಗುವವರಿಗೆ ಈ ಯಾವ ಜಂಜಾಟವೂ ಇಲ್ಲ. ಅಲ್ಲೆಲ್ಲ 230ರ ಆಸುಪಾಸಿನ ವೋಲ್ಟೇಜ್, 50 ಹರ್ಟ್ಸ್. ಪ್ಲಗ್ ಮಾತ್ರ ಮೂರು ಚೌಕ ಪಿನ್ನಿನದು.

ಇನ್ನು ವಾರಂಟಿ. ಅದು ವಸ್ತುವಿನ ಜೊತೆ ವಿಮಾನ ಹತ್ತುವುದಿಲ್ಲ. ಸಾಮಾನ್ಯವಾಗಿ ಮಾರಿದ ದೇಶದಲ್ಲೇ ಉಳಿಯುತ್ತದೆ. ಮೈಸೂರಿನಲ್ಲಿ ಕೊಂಡ 230 ವೋಲ್ಟಿನ ಮಿಕ್ಸಿ ನ್ಯೂಜೆರ್ಸಿಯಲ್ಲಿ ಕೆಟ್ಟರೆ ಆ ಕಾರ್ಡು ಬರೀ ಕಾಗದ. ಬೇರೆ ವೋಲ್ಟೇಜಿನಲ್ಲಿ ಓಡಿಸಿ ಸುಟ್ಟರಂತೂ ಇಲ್ಲಿಗೆ ಹೊತ್ತು ತಂದರೂ ಒಪ್ಪಿಕೊಳ್ಳುವುದು ಕಷ್ಟ. 110 ವೋಲ್ಟಿನ ಮಾದರಿ ಕೊಳ್ಳುವಾಗಲೂ ಅಂಗಡಿಯವರನ್ನು ಬಾಯಿಮಾತಿಗೆ ನಂಬದೆ, ಅಮೆರಿಕದಲ್ಲಿ ಸರ್ವಿಸ್ ಯಾರು ಮಾಡುತ್ತಾರೆ ಎಂಬುದನ್ನು ವಾರಂಟಿ ಕಾರ್ಡಿನಲ್ಲಿ ಓದಿ ನೋಡಿ. ಮಿಕ್ಸಿಯಲ್ಲಿ ಮೊದಲು ಸವೆಯುವುದು ಕಪ್ಲರ್, ಗ್ಯಾಸ್ಕೆಟ್, ಬ್ಲೇಡು. ಅದೇ ಮಾದರಿಯ ಒಂದೊಂದು ಜೊತೆ ಹೆಚ್ಚುವರಿಯಾಗಿ ಕಟ್ಟಿಕೊಂಡರೆ ವಾರಂಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಅಂತಾರಾಷ್ಟ್ರೀಯ ವಾರಂಟಿ ಇದೆ. ಅದಕ್ಕೂ ಸೀರಿಯಲ್ ನಂಬರ್, ಮೂಲ ಬಿಲ್ಲು ಬೇಕು.

ಫೋನಿನಲ್ಲಿ ವೋಲ್ಟೇಜಿನ ಚಿಂತೆ ಇಲ್ಲದಿದ್ದರೂ ಬೇರೊಂದು ಮುಳ್ಳಿದೆ. 2022ರಲ್ಲಿ ಬಂದ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಒಂದೇ. ಅಲ್ಲಿಂದ ತಮ್ಮನಿಗೊಂದು ಫೋನ್ ತರುವ ಮುನ್ನ ಅದು ಯಾವುದೋ ಮೊಬೈಲ್ ಕಂಪನಿಗೆ ಲಾಕ್ ಆಗಿಲ್ಲ ತಾನೇ ಎಂದೂ ಕೇಳಿ.

ಪ್ಯಾಕ್ ಮಾಡುವ ವಾರ ಮನೆಯ ಪ್ರತಿ ಉಪಕರಣವನ್ನೂ ತಿರುಗಿಸಿ, ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ವೋಲ್ಟೇಜ್ ಬರೆದಿರುವ ಹೀಟರು, ಮೈಕ್ರೋವೇವು, ಗ್ರೈಂಡರುಗಳನ್ನು ಹೊರಡುವ ಮುನ್ನವೇ ಮಾರಿಬಿಡಿ.