ರೊಟ್ಟಿ ಒಂದು, ಪಾಲು ಮೂರು

ರೊಟ್ಟಿಯ ಮೂರನೇ ಒಂದು ಪಾಲು ದೊಡ್ಡದೋ, ಕಾಲು ರೊಟ್ಟಿ ದೊಡ್ಡದೋ? ನಾಲ್ಕನೇ ತರಗತಿಯಲ್ಲಿ ಕೇಳಿ ನೋಡಿ. ಕಾಲೇ ದೊಡ್ಡದು ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅವರಿಗೆ ಕಾರಣವೂ ಗೊತ್ತು: ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಮೂರು ವರ್ಷ ಎಣಿಸಿ, ಕೂಡಿಸಿ ಕಲಿತ ಮಗು 1/4ರಲ್ಲಿ ಮೊದಲು ನೋಡುವುದು ಕೆಳಗಿನ ನಾಲ್ಕನ್ನು. ಅದು ತುಂಡುಗಳ ಲೆಕ್ಕವಲ್ಲ, ಎಷ್ಟು ಜನಕ್ಕೆ ಹಂಚಿದ್ದು ಎಂಬ ಲೆಕ್ಕ ಎಂದು ಬಾಯಿಮಾತಿನಲ್ಲಿ ಹೇಳಿದರೆ ಮಾರನೆಯ ದಿನಕ್ಕೆ ಮರೆತುಹೋಗುತ್ತದೆ. ಹಾಡಿ ಹಂಚಿದರೆ ಉಳಿಯುತ್ತದೆ.

ಪದ್ಯದಲ್ಲಿ ಲೆಕ್ಕ ಹೇಳುವುದು ನಮಗೆ ಹೊಸದೇನಲ್ಲ. 9ನೇ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗೆಂದೇ ಒಂದು ಪ್ರಕರಣ ಬರೆದ, ಸಂಸ್ಕೃತ ಶ್ಲೋಕಗಳಲ್ಲಿ. 12ನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡ ಪದ್ಯಕ್ಕೆ ತಂದ. ತರಗತಿಗೆ ಅಷ್ಟು ದೊಡ್ಡದೇನೂ ಬೇಡ, ಎಂಟು ಸಾಲು ಸಾಕು:

ಒಂದೇ ರೊಟ್ಟಿ, ಇಬ್ಬರು ನಾವು,
ನಿನ್ನದು ಅರ್ಧ, ನನ್ನದು ಅರ್ಧ.
ಮೂರನೆಯವಳು ಬಂದಳು ನೋಡು,
ಚಿಕ್ಕದು ಆಯ್ತು ಎಲ್ಲರ ಪಾಲು.
ನಾಲ್ವರು ಕೂತು ಹಂಚಿದ ಮೇಲೆ
ತಟ್ಟೆಗೆ ಬಿದ್ದ ತುಂಡದು ಕಾಲು.
ಹೆಚ್ಚಿತು ಮಂದಿ, ತಗ್ಗಿತು ತುಂಡು,
ರೊಟ್ಟಿಯು ಮಾತ್ರ ಇದ್ದುದೆ ಒಂದು.

ನಾಲ್ಕು ಮಾತ್ರೆ, ಮೂರು ಮಾತ್ರೆ ಎಂದು ಸಾಲು ನಡೆಯುತ್ತದೆ, ಚಪ್ಪಾಳೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಇದರ ಮುಖ್ಯ ಸಾಲು ಕೊನೆಯದು. ರೊಟ್ಟಿ ಒಂದೇ ಆಗಿರಬೇಕು. ಅಗಲವಾದ ಜೋಳದ ರೊಟ್ಟಿಯ ಕಾಲು ಭಾಗ ಪುಟ್ಟ ಪೂರಿಯ ಅರ್ಧಕ್ಕಿಂತ ದೊಡ್ಡದಿರಬಹುದು. ಆಗ ಅರ್ಧ ದೊಡ್ಡದು ಎಂಬ ಮಾತೇ ನಿಲ್ಲುವುದಿಲ್ಲ.

ಹಾಡಿದ ಮೇಲೆ ಕೈಗೆ ಕೆಲಸ ಕೊಡಬೇಕು. ದುಂಡಗೆ ಕತ್ತರಿಸಿದ ಕಾಗದವನ್ನು ಒಮ್ಮೆ ಮಡಿಸಿದರೆ ಅರ್ಧ, ಇನ್ನೊಮ್ಮೆ ಮಡಿಸಿದರೆ ಕಾಲು. ಮೂರನೇ ಒಂದು ಮಾತ್ರ ಹೀಗೆ ಅರ್ಧಕ್ಕೆ ಅರ್ಧ ಮಡಿಸಿದರೆ ಎಂದೂ ಸಿಗುವುದಿಲ್ಲ. ಮಕ್ಕಳು ಎಡವುವುದು ಇಲ್ಲೇ. ಮೂರು ಪಾಲು ಮಾಡು ಎಂದರೆ ಒಂದೇ ಅಗಲದ ಮೂರು ಪಟ್ಟಿಗಳಾಗಿ ಉದ್ದುದ್ದ ಕತ್ತರಿಸಿಬಿಡುತ್ತಾರೆ. ಅಗಲ ಸಮವಾಗಿದ್ದರೂ ದುಂಡು ರೊಟ್ಟಿಯಲ್ಲಿ ಪಾಲು ಸಮವಲ್ಲ: ನಡುವಿನ ಪಟ್ಟಿಗೆ ನೂರಕ್ಕೆ ಸುಮಾರು 42 ಭಾಗ, ಅಂಚಿನ ಎರಡಕ್ಕೂ ತಲಾ 29. ಪಕ್ಕದ ತುಂಡನ್ನು ನಡುವಿನದರ ಮೇಲಿಟ್ಟು ತೋರಿಸಿದರೆ ಮೋಸ ತಕ್ಷಣ ಕಾಣುತ್ತದೆ.

ಸರಿಯಾಗಿ ಮೂರು ಮಾಡಲು ಗಡಿಯಾರದ ಮುಖವೇ ಸಾಕು. ಕಾಗದದ ರೊಟ್ಟಿಯ ಅಂಚಿನಲ್ಲಿ 1ರಿಂದ 12 ಬರೆಸಿ. ನಡುವಿನಿಂದ 12, 4, 8ಕ್ಕೆ ಗೆರೆ ಎಳೆದರೆ ಮೂರು ಸಮ ಪಾಲು. 12, 3, 6, 9ಕ್ಕೆ ಎಳೆದರೆ ನಾಲ್ಕು. ಈಗ ಮಗು ತಾನೇ ಎಣಿಸಬಹುದು: ಅರ್ಧಕ್ಕೆ ಆರು ಗಂಟೆಯಷ್ಟು ಜಾಗ, ಮೂರನೇ ಒಂದಕ್ಕೆ ನಾಲ್ಕು, ಕಾಲಿಗೆ ಮೂರು. ಮೂರನೆಯವಳು ಬಂದಾಗ ಒಬ್ಬೊಬ್ಬರೂ ಕಳೆದುಕೊಂಡದ್ದು ಎರಡು ಗಂಟೆಯಷ್ಟು, ನಾಲ್ಕನೆಯವರು ಬಂದಾಗ ಒಂದೇ ಗಂಟೆಯಷ್ಟು. ಜನ ಒಬ್ಬೊಬ್ಬರೇ ಹೆಚ್ಚಿದರೂ ತುಂಡು ತಗ್ಗುವುದು ಪ್ರತಿ ಸಲ ಒಂದೇ ಅಳತೆಯಲ್ಲಲ್ಲ. ದೊಡ್ಡ ತರಗತಿಗೆ ಹೋದಾಗ ಬೇಕಾಗುವ ಸಮಚ್ಛೇದದ ಹನ್ನೆರಡು ಕೂಡ ಇದೇ.

ಪದ್ಯಕ್ಕೆ ಒಂದು ಮಿತಿಯಿದೆ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಮಂದಿ ಹೆಚ್ಚಿದರೆ ತುಂಡು ತಗ್ಗುತ್ತದೆ ಎಂಬುದು ಹಂಚುವ ರೊಟ್ಟಿ ಒಂದೇ ಇದ್ದಾಗಿನ ಮಾತು. ಮೂರು ರೊಟ್ಟಿಯನ್ನು ನಾಲ್ವರಿಗೆ ಹಂಚಿದರೆ ತಲೆಗೆ ಮುಕ್ಕಾಲು. ಎರಡು ರೊಟ್ಟಿಯನ್ನು ಮೂವರಿಗೆ ಹಂಚಿದರೆ ತಲೆಗೆ ಮೂರರಲ್ಲಿ ಎರಡು ಪಾಲು. ಪದ್ಯವನ್ನಷ್ಟೇ ನಂಬಿದ ಮಗು, ಇಲ್ಲಿ ಮೂವರೇ ಇದ್ದಾರೆ, ಇವರಿಗೇ ಹೆಚ್ಚು ಎನ್ನುತ್ತದೆ. ತಪ್ಪು. ಪೂರ್ತಿ ರೊಟ್ಟಿಗೆ ಎಷ್ಟು ಕಡಿಮೆ ಬಿತ್ತು ಎಂದು ಕೇಳಿದರೆ ದಾರಿ ತೆರೆಯುತ್ತದೆ: ಮುಕ್ಕಾಲಿಗೆ ಕಡಿಮೆ ಬಿದ್ದದ್ದು ಕಾಲು, ಇನ್ನೊಂದಕ್ಕೆ ಕಡಿಮೆ ಬಿದ್ದದ್ದು ಮೂರನೇ ಒಂದು. ಕಾಲು ಚಿಕ್ಕದೆಂದು ಪದ್ಯವೇ ಹೇಳಿದೆ. ಕಡಿಮೆ ಬಿದ್ದದ್ದು ಚಿಕ್ಕದಾದರೆ ಸಿಕ್ಕಿದ್ದು ದೊಡ್ಡದು, ಹಾಗಾಗಿ ಮುಕ್ಕಾಲೇ ಹೆಚ್ಚು.

ಮಗು ಹಾಡನ್ನು ಬರೀ ಬಾಯಿಪಾಠ ಮಾಡಿದೆಯೋ, ಅರ್ಥ ಮಾಡಿಕೊಂಡಿದೆಯೋ ಎಂದು ತಿಳಿಯಲು ಪದ್ಯದಲ್ಲಿ ಇಲ್ಲದ್ದನ್ನು ಕೇಳಬೇಕು. ಐದನೆಯವನು ಬಂದು ಕೂತರೆ ನಿನ್ನ ತುಂಡು ಕಾಲಿಗಿಂತ ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ, ಏಕೆ? ಆ ‘ಏಕೆ’ಗೆ ಮಕ್ಕಳು ತಮ್ಮ ಮಾತಿನಲ್ಲಿ ಉತ್ತರ ಕೊಡುವವರೆಗೆ ಕರಿಹಲಗೆಯ ಮೇಲೆ ಅಂಶ, ಛೇದ ಎಂದು ಬರೆಯಬೇಡಿ.