ಕೊಂದದ್ದು ಯಾರು? ರಷ್ಯನ್ ಕೃದಂತಗಳನ್ನು ಓದುವ ಬಗೆ

‘ಕೊಂದ ಹುಲಿ’ ಎಂದಷ್ಟೇ ಬರೆದರೆ ಹುಲಿ ಯಾರನ್ನೋ ಕೊಂದಿತೋ, ಹುಲಿಯನ್ನೇ ಯಾರಾದರೂ ಕೊಂದರೋ ತಿಳಿಯುವುದಿಲ್ಲ. ‘ಊರಿನವರನ್ನು ಕೊಂದ ಹುಲಿ’ ಎಂದರೆ ಒಂದು ಕಥೆ, ‘ಊರಿನವರು ಕೊಂದ ಹುಲಿ’ ಎಂದರೆ ಇನ್ನೊಂದು. ಎರಡರಲ್ಲೂ ‘ಕೊಂದ’ ಎಂಬ ಕೃದಂತ ಒಂದಕ್ಷರವೂ ಬದಲಾಗಿಲ್ಲ. ಪಕ್ಕದ ನಾಮಪದದ ವಿಭಕ್ತಿಯೇ ಅರ್ಥ ತೀರ್ಮಾನಿಸುತ್ತದೆ, ಕನ್ನಡಿಗರಿಗೆ ಅಷ್ಟು ಸಾಕು.

ರಷ್ಯನ್ ಭಾಷೆಗೆ ಅಷ್ಟು ಸಾಲದು. ಅಲ್ಲಿ ಕೊಂದ ಹುಲಿ ‘ಉಬೀವ್‌ಶಿಯ್ ತೀಗ್ರ್’, ಸತ್ತ ಹುಲಿ ‘ಉಬೀತಿಯ್ ತೀಗ್ರ್’. ಕೊಲ್ಲು ಎಂಬ ಒಂದೇ ಧಾತುವಿಗೆ ಎರಡು ಬೇರೆ ಪ್ರತ್ಯಯ ಹತ್ತಿವೆ. ‘ವ್‌ಶ್’ ಬಂದರೆ ನಾಮಪದವೇ ಕೆಲಸ ಮಾಡಿದ್ದು, ‘ತ್’ ಬಂದರೆ ಕೆಲಸ ಅದರ ಮೇಲೆ ನಡೆದದ್ದು. ಮೊದಲನೆಯದು ಕರ್ತರಿ ಕೃದಂತ, ಎರಡನೆಯದು ಕರ್ಮಣಿ ಕೃದಂತ. ರಷ್ಯನ್ ಓದಲು ಹೊರಟ ಕನ್ನಡಿಗರಿಗೆ ಕೃದಂತ ಎಂಬ ಸಂಗತಿಯೇನೂ ಹೊಸದಲ್ಲ. ನಾವು ಬಾಯಿ ತೆರೆದರೆ ‘ನಿನ್ನೆ ಬಂದ ಪತ್ರ’, ‘ಮೂಲೆಯಲ್ಲಿ ಕೂತಿರುವ ಅಜ್ಜ’ ಎನ್ನುವವರೇ. ಹೊಸದೇನೆಂದರೆ, ನಾವು ವಿಭಕ್ತಿಯಲ್ಲಿ ಹುಡುಕುವ ಉತ್ತರ ಅಲ್ಲಿ ಕೃದಂತದ ಹೊಟ್ಟೆಯೊಳಗೇ ಇರುತ್ತದೆ. (ಇಲ್ಲಿ ರಷ್ಯನ್ ಪದಗಳನ್ನು ಉಚ್ಚಾರಕ್ಕಿಂತ ಹೆಚ್ಚಾಗಿ ಕಾಗುಣಿತವನ್ನು ಅನುಸರಿಸಿ ಬರೆದಿದ್ದೇನೆ. ವಿಷಯ ಓದಿಗೆ ಸಂಬಂಧಿಸಿದ್ದು, ಹಾಗಾಗಿ ಕಣ್ಣಿಗೆ ಕಾಣುವುದು ಮುಖ್ಯ.)

ಈ ರೂಪಗಳಲ್ಲಿ ಬಹುಪಾಲು ಬರವಣಿಗೆಯ ಸೊತ್ತು. ಮಾತಾಡುವಾಗ ರಷ್ಯನ್ನರು ‘ಕೊತೊರಿಯ್’, ಅಂದರೆ ‘ಯಾವುದೋ ಅದು’ ಎಂಬ ಸಂಬಂಧ ಸರ್ವನಾಮ ಹಾಕಿ ಉಪವಾಕ್ಯ ಕಟ್ಟುತ್ತಾರೆ. ಪತ್ರಿಕೆ, ಕಾನೂನು, ವಿಜ್ಞಾನ ಲೇಖನ, ಹತ್ತೊಂಬತ್ತನೆಯ ಶತಮಾನದ ಕಾದಂಬರಿ ತೆರೆದರೆ ಕೃದಂತಗಳು ಸಾಲುಗಟ್ಟಿ ನಿಲ್ಲುತ್ತವೆ. ಇದಕ್ಕೆ ಚರಿತ್ರೆಯಿದೆ. ‘ಶ್ಚ್’ ಸೇರಿದ ವರ್ತಮಾನ ಕರ್ತರಿ ರೂಪ ಬಂದದ್ದು ಚರ್ಚಿನ ಭಾಷೆಯಾಗಿದ್ದ ಹಳೆಯ ಸ್ಲಾವೊನಿಕ್‌ನಿಂದ. ರಷ್ಯನ್ನರ ಮನೆಮಾತಿನಲ್ಲಿ ಅದೇ ಜಾಗದಲ್ಲಿ ‘ಚ್’ ಇತ್ತು. ಆ ಮನೆಮಾತಿನ ರೂಪಗಳು ಕ್ರಿಯೆಯ ಕಸುವು ಕಳೆದುಕೊಂಡು ಬರೀ ಗುಣವಾಚಕಗಳಾಗಿ ಉಳಿದಿವೆ: ‘ಗೊರ್ಯಾಚಿಯ್’ ಎಂದರೆ ಬಿಸಿಯಾದ, ‘ಗೊರ್ಯಾಶ್ಚಿಯ್’ ಎಂದರೆ ಈಗ ಉರಿಯುತ್ತಿರುವ. ಬಿಸಿ ಚಹಾಕ್ಕೆ ಮೊದಲನೆಯದು, ಹೊತ್ತಿಕೊಂಡ ಮನೆಗೆ ಎರಡನೆಯದು. ಮಿಖಾಯಿಲ್ ಲೊಮೊನೊಸೊವ್ 1755ರಲ್ಲಿ ಬರೆದು ಮುಗಿಸಿದ ರಷ್ಯನ್ ವ್ಯಾಕರಣದಲ್ಲಿ, ಸಾಮಾನ್ಯ ಜನರ ಆಡುಮಾತಿನಲ್ಲಷ್ಟೇ ಬಳಕೆಯಾಗುವ ಕ್ರಿಯಾಪದಗಳಿಂದ ಇಂಥ ರೂಪಗಳನ್ನು ಕಟ್ಟಬಾರದು ಎಂದೇ ತಾಕೀತು ಮಾಡಿದ. ಆ ಮಡಿವಂತಿಕೆ ಮುಂದೆ ಉಳಿಯಲಿಲ್ಲ, ಆದರೆ ಗ್ರಂಥಸ್ಥ ವಾಸನೆ ಇಂದಿಗೂ ಹೋಗಿಲ್ಲ.

ಕಟ್ಟುವ ಕ್ರಮಕ್ಕೆ ಬರೋಣ. ಓದುವವರಿಗೆ ನಿಜವಾಗಿ ಬೇಕಾದದ್ದು ಬಿಚ್ಚುವ ಕ್ರಮ, ಆದರೆ ಕಟ್ಟಿದ್ದು ಹೇಗೆಂದು ಗೊತ್ತಿಲ್ಲದೆ ಬಿಚ್ಚಲಾಗದು. ‘ಅವರು ಓದುತ್ತಾರೆ’ ಎನ್ನಲು ‘ಚಿತಾಯುತ್’. ಕೊನೆಯ ತ್ ತೆಗೆದು ‘ಶ್ಚಿಯ್’ ಸೇರಿಸಿದರೆ ‘ಚಿತಾಯುಶ್ಚಿಯ್’, ಓದುತ್ತಿರುವ. ‘ಅವರು ಮಾತಾಡುತ್ತಾರೆ’ ಎಂಬ ‘ಗೊವೊರ್ಯಾತ್’ನಿಂದ ‘ಗೊವೊರ್ಯಾಶ್ಚಿಯ್’. ಭೂತಕಾಲದಲ್ಲಿ ‘ಚಿತಾಲ್’ ಎಂಬುದರ ಲ್ ಬಿಟ್ಟು ‘ವ್‌ಶಿಯ್’ ಹಚ್ಚಿದರೆ ‘ಚಿತಾವ್‌ಶಿಯ್’, ಓದುತ್ತಿದ್ದ. ಅದೇ ಧಾತುವಿಗೆ ‘ಪ್ರೊ’ ಎಂಬ ಉಪಸರ್ಗ ಸೇರಿ ಕ್ರಿಯೆ ಮುಗಿದ ಭಾವ ಬಂದರೆ ‘ಪ್ರೊಚಿತಾವ್‌ಶಿಯ್’, ಓದಿ ಮುಗಿಸಿದ. ಓದುತ್ತಿದ್ದ, ಓದಿದ ಎಂದು ನಾವು ಮಾಡುವ ವ್ಯತ್ಯಾಸಕ್ಕೆ ಇದು ಬಹಳ ಹತ್ತಿರ. ಭವಿಷ್ಯಕ್ಕೆ ಮಾತ್ರ ಶಿಷ್ಟ ರಷ್ಯನ್‌ನಲ್ಲಿ ಕೃದಂತವಿಲ್ಲ. ‘ನಾಳೆ ಬರುವ ಅತಿಥಿ’ ಎನ್ನಬೇಕಾದರೆ ‘ಕೊತೊರಿಯ್’ ಹಾಕಿ ಸುತ್ತಿ ಬರಬೇಕು.

ಕರ್ಮಣಿಯಲ್ಲಿ ವರ್ತಮಾನ ರೂಪ ಅಪರೂಪ. ‘ನಾವು ಓದುತ್ತೇವೆ’ ಎಂಬ ‘ಚಿತಾಯೆಮ್’ಗೆ ‘ಇಯ್’ ಸೇರಿ ‘ಚಿತಾಯೆಮಿಯ್’, ಓದಲ್ಪಡುವ. ಬರೆ, ಕುಡಿ ಎಂಬಂಥ ದಿನಬಳಕೆಯ ಕ್ರಿಯೆಗಳಿಗೇ ಇದು ಬಳಕೆಯಲ್ಲಿಲ್ಲ. ಆದರೆ ಮುಂದೆ ‘ನೆ’ ಎಂಬ ನಿಷೇಧ ಬಂದಾಗ ಇದರ ಚಹರೆ ಬದಲಾಗುತ್ತದೆ. ‘ನೆವೀದಿಮಿಯ್’ ಎಂದರೆ ಕಣ್ಣಿಗೆ ಕಾಣದ, ‘ನೆವಿನೊಸೀಮಿಯ್’ ಎಂದರೆ ಸಹಿಸಲಾಗದ. ಇಲ್ಲಿ ಕಾಲದ ಮಾತಿಲ್ಲ, ಆಗದು ಎಂಬ ಭಾವವೇ ಮುಖ್ಯ.

ಪುಟಪುಟದಲ್ಲೂ ಎದುರಾಗುವುದು ಭೂತ ಕರ್ಮಣಿ, ತಲೆನೋವೂ ಅದೇ. ಇದು ಹೆಚ್ಚಾಗಿ ಮುಗಿದ ಕ್ರಿಯೆಗಳಿಂದ ಹುಟ್ಟುತ್ತದೆ. ನಿಘಂಟಿನ ರೂಪ ‘ಆತ್’ ಎಂದು ಮುಗಿದರೆ ದಾರಿ ಸರಳ: ‘ಪ್ರೊಚಿತಾತ್’ನಿಂದ ‘ಪ್ರೊಚೀತಾನ್ನಿಯ್’, ಯಾರೋ ಓದಿದ. ಕೆಲವು ಗಿಡ್ಡ ಧಾತುಗಳಿಗೆ ‘ತಿಯ್’ ಹತ್ತುತ್ತದೆ: ತೆರೆ ಎಂಬ ‘ಒತ್ಕ್ರೀತ್’ನಿಂದ ‘ಒತ್ಕ್ರೀತಿಯ್’, ನಮ್ಮ ಸತ್ತ ಹುಲಿಯೂ ಇದೇ ಗುಂಪು. ‘ಈತ್’ ಎಂದು ಮುಗಿಯುವವು ಮಾತ್ರ ವೇಷ ಬದಲಿಸಿ ಬರುತ್ತವೆ. ಪ್ರತ್ಯಯ ‘ಯೆನ್ನಿಯ್’ ಆಗುವುದಲ್ಲದೆ ಧಾತುವಿನ ಕೊನೆಯ ವ್ಯಂಜನವೂ ಮಾರ್ಪಡುತ್ತದೆ. ಕೊಳ್ಳು ಎಂಬ ‘ಕುಪೀತ್’ ‘ಕೂಪ್ಲೆನ್ನಿಯ್’ ಆಗುತ್ತದೆ, ಎಲ್ಲಿಂದಲೋ ಒಂದು ಲ್ ನುಸುಳಿಬಿಡುತ್ತದೆ. ಭೇಟಿಯಾಗು ಎಂಬ ‘ವ್‌ಸ್ತ್ರೇತಿತ್’ ‘ವ್‌ಸ್ತ್ರೇಚೆನ್ನಿಯ್’ ಆಗಿ ತ್ ಹೋಗಿ ಚ್ ಬರುತ್ತದೆ. ಓದುವವರು ‘ಕೂಪ್ಲೆ’ ಎಂದು ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಸಿಗದು. ‘ಪ್ಲ್’ ಕಂಡರೆ ಪ್, ‘ಬ್ಲ್’ ಕಂಡರೆ ಬ್, ‘ಚ್’ ಕಂಡರೆ ತ್ ಎಂದು ಹಿಂದಕ್ಕೆ ಹೋಗುವ ಅಭ್ಯಾಸ ಬೇಕು.

ಹೀಗೆ ಮಾರ್ಪಡುವ ವ್ಯಂಜನಗಳಲ್ಲಿ ಒಂದು ದೊಡ್ಡ ಹಳ್ಳವಿದೆ. ನಿಷೇಧಿಸು ಎಂಬ ‘ಜ಼ಪ್ರೆತೀತ್’ನ ತ್, ಚ್ ಆಗುವ ಬದಲು ‘ಶ್ಚ್’ ಆಗುತ್ತದೆ: ‘ಜ಼ಪ್ರೆಶ್ಚ್ಯೋನ್ನಿಯ್’. ‘ಶ್ಚ್ ಕಂಡರೆ ಕರ್ತರಿ’ ಎಂದು ಹೊಸದಾಗಿ ಬಾಯಿಪಾಠ ಮಾಡಿದವರು ಇಲ್ಲಿ ತಪ್ಪದೆ ಬೀಳುತ್ತಾರೆ. ಪದದಲ್ಲಿ ಶ್ಚ್ ಇದೆ, ಆದರೆ ಇದು ನಿಷೇಧಿಸುವ ಅಲ್ಲ, ನಿಷೇಧಕ್ಕೊಳಗಾದ. ನಿಷೇಧಿಸುವ ಎನ್ನಲು ‘ಜ಼ಪ್ರೆಶ್ಚಾಯುಶ್ಚಿಯ್’. ಪುಸ್ತಕಕ್ಕೆ ಮೊದಲನೆಯದು ಹೊಂದುತ್ತದೆ, ಕಾನೂನಿಗೆ ಎರಡನೆಯದು. ಅದಲುಬದಲಾದರೆ ಪುಸ್ತಕವೇ ಕಾನೂನನ್ನು ನಿಷೇಧಿಸಿದಂತೆ ಆದೀತು. ಹಾಗಾಗಿ ನೋಡಬೇಕಾದದ್ದು ಶ್ಚ್ ಇದೆಯೇ ಎಂದಲ್ಲ, ಲಿಂಗ ವಿಭಕ್ತಿಗಳ ಬಾಲಕ್ಕೆ ತೀರ ಹತ್ತಿರದ ವ್ಯಂಜನ ಯಾವುದು ಎಂದು. ಬಾಲದ ಪಕ್ಕದಲ್ಲಿ ‘ನ್ನ್’ ಇದ್ದರೆ ಅದರ ಹಿಂದೆ ಏನೇ ಇರಲಿ, ಅದು ಕರ್ಮಣಿ.

ಇನ್ನೊಂದು ಎಡವು ‘ಸ್ಯ’ ಎಂಬ ಬಾಲಂಗೋಚಿಯದು. ‘ಸ್ತ್ರೋಯಶ್ಚಿಯ್’ ಎಂದರೆ ಕಟ್ಟುತ್ತಿರುವ, ಅದು ಕಾರ್ಮಿಕನಿಗೆ ಸಲ್ಲುವ ಮಾತು. ಕೊನೆಯಲ್ಲಿ ಸ್ಯ ಸೇರಿ ‘ಸ್ತ್ರೋಯಶ್ಚಿಯ್‌ಸ್ಯ’ ಆದರೆ ಕಟ್ಟಲಾಗುತ್ತಿರುವ, ಅದು ಮನೆಗೆ ಸಲ್ಲುತ್ತದೆ. ರೂಪ ಕರ್ತರಿಯದು, ಅರ್ಥ ಕರ್ಮಣಿಯದು. ನಿಯಮ ಕಲಿತವರು ಓದಿನ ಓಟದಲ್ಲಿ ಈ ಬಾಲವನ್ನು ಕಾಣದೆ ದಾಟಿಬಿಡುವುದೇ ಹೆಚ್ಚು.

ಈಗ ಒಂದು ಇಡೀ ವಾಕ್ಯ ಬಿಚ್ಚೋಣ. ನೋವ್ಗೊರೊದ್ ನಗರದ ಮಣ್ಣಿನಡಿ ಭೂರ್ಜದ ತೊಗಟೆಯ ಮೇಲೆ ಗೀರಿ ಬರೆದ ಪತ್ರಗಳು 1951ರಿಂದ ಸಿಗುತ್ತಿವೆ. ಅವುಗಳ ಬಗ್ಗೆ ಪತ್ರಿಕೆಯಲ್ಲಿ ಬರಬಹುದಾದ ವಾಕ್ಯವೊಂದನ್ನು ಕಟ್ಟಿದ್ದೇನೆ: ‘ಉಚ್ಯೋನಿಯೆ, ಇಜ಼ುಚಾಯುಶ್ಚಿಯೆ ನಾಯ್ದೆನ್ನಿಯೆ ವ್ ನೋವ್ಗೊರೊದೆ ಗ್ರಾಮೊತಿ, ಪ್ರೊಚಿತಾಲಿ ಪಿಸ್ಮೋ, ನಪೀಸಾನ್ನೊಯೆ ಮಾಲ್ಚಿಕೊಮ್.’

‘ಉಚ್ಯೋನಿಯೆ’ ಎಂದರೆ ವಿದ್ವಾಂಸರು. ಅದರ ನಂತರ ಅಲ್ಪವಿರಾಮ, ಆಮೇಲೆ ಕೃದಂತ. ರಷ್ಯನ್ ಬರವಣಿಗೆಯಲ್ಲಿ ಕೃದಂತದ ತುಂಡು ನಾಮಪದದ ಹಿಂದೆ ಬಂದರೆ ಎರಡೂ ಕಡೆ ಅಲ್ಪವಿರಾಮ ಹಾಕಬೇಕು, ಮುಂಚೆ ಬಂದರೆ ಸಾಮಾನ್ಯವಾಗಿ ಹಾಕಬಾರದು. ಆದ್ದರಿಂದ ಅಲ್ಪವಿರಾಮ ಇಲ್ಲಿ ಉಸಿರಿನ ಗುರುತಲ್ಲ, ಬೇಲಿ. ಎರಡನೆಯ ಅಲ್ಪವಿರಾಮ ಎಲ್ಲಿದೆ ಎಂದು ನೋಡಿದರೆ ‘ಗ್ರಾಮೊತಿ’ ಆದಮೇಲೆ ಇದೆ. ಅಷ್ಟೂ ವಿದ್ವಾಂಸರ ವರ್ಣನೆ ಎಂದಾಯಿತು, ಮುಖ್ಯ ಕ್ರಿಯೆ ಅದರಾಚೆಗಿನ ‘ಪ್ರೊಚಿತಾಲಿ’, ಓದಿದರು.

ಬೇಲಿಯೊಳಗೆ ಎರಡು ಕೃದಂತಗಳಿವೆ, ಎರಡೂ ‘ಇಯೆ’ ಎಂಬ ಬಹುವಚನದ ಬಾಲ ಹೊತ್ತಿವೆ. ‘ಇಜ಼ುಚಾಯುಶ್ಚಿಯೆ’ಯಲ್ಲಿ ಬಾಲದ ಪಕ್ಕ ಶ್ಚ್, ಅಂದರೆ ಅಧ್ಯಯನ ಮಾಡುತ್ತಿರುವ. ‘ನಾಯ್ದೆನ್ನಿಯೆ’ಯಲ್ಲಿ ನ್ನ್, ಅಂದರೆ ಯಾರೋ ಕಂಡುಹಿಡಿದ. ಬಾಲ ಒಂದೇ ಆದ್ದರಿಂದ ಇದನ್ನೂ ವಿದ್ವಾಂಸರಿಗೆ ಅಂಟಿಸಿ ‘ನೋವ್ಗೊರೊದ್‌ನಲ್ಲಿ ಸಿಕ್ಕ ವಿದ್ವಾಂಸರು’ ಎಂದು ಓದುವ ಅಪಾಯವಿದೆ. ತಪ್ಪಿಸುವ ದಾರಿ ಸುಲಭ. ಅಧ್ಯಯನ ಮಾಡುವುದಕ್ಕೆ ಒಂದು ಕರ್ಮ ಬೇಕು, ಅದಿನ್ನೂ ಸಿಕ್ಕಿಲ್ಲ. ಎರಡು ಕೃದಂತಗಳ ನಡುವೆ ಅಲ್ಪವಿರಾಮವೂ ಇಲ್ಲ, ಎಂದ ಮೇಲೆ ಎರಡನೆಯದು ಮುಂದೆ ಬರಲಿರುವ ನಾಮಪದದ್ದು. ನಗರದ ಹೆಸರು ದಾಟಿದರೆ ‘ಗ್ರಾಮೊತಿ’, ಪತ್ರಗಳು. ಕೆಲಸ ಮಾಡಬಲ್ಲವರು ವಿದ್ವಾಂಸರು, ಸಿಗಬಲ್ಲವು ಪತ್ರಗಳು, ಗಂಟು ಬಿಚ್ಚಿತು. (‘ನಾಯ್ದೆನ್ನಿಯೆ’ಯ ಮೂಲ ಬೇಕಾದವರು ನಿಘಂಟಿನಲ್ಲಿ ‘ನೈತೀ’ ನೋಡಬೇಕು. ಇಲ್ಲಿ ಯಾವ ಸೂತ್ರವೂ ಕೈಹಿಡಿಯದು, ನೆನಪಿಡುವುದೊಂದೇ ದಾರಿ.)

ಕೊನೆಯ ತುಂಡಿನ ‘ನಪೀಸಾನ್ನೊಯೆ’ಗೆ ನಪುಂಸಕ ಏಕವಚನದ ಬಾಲ, ಆದ್ದರಿಂದ ಅದು ‘ಪಿಸ್ಮೋ’ ಎಂಬ ಪತ್ರದ್ದೇ. ‘ಮಾಲ್ಚಿಕೊಮ್’ ಎಂದರೆ ತೃತೀಯಾ ವಿಭಕ್ತಿಯಲ್ಲಿರುವ ಹುಡುಗ. ಕರ್ಮಣಿ ಕೃದಂತದ ಪಕ್ಕ ತೃತೀಯೆಯಲ್ಲಿ ಮನುಷ್ಯ ಕಂಡರೆ ಮಾಡಿದವನು ಅವನೇ ಎಂದು ತಿಳಿಯಬಹುದು. ಅಕ್ಷರಕ್ಕಕ್ಷರ ತಂದರೆ ‘ಹುಡುಗನಿಂದ ಬರೆಯಲ್ಪಟ್ಟ ಪತ್ರ’ ಎಂದಾಗುತ್ತದೆ, ಅನುವಾದಗಳಲ್ಲಿ ನಾವು ಬೇಸತ್ತು ಓದುವ ಕನ್ನಡ ಅದು. ‘ಹುಡುಗ ಬರೆದ ಪತ್ರ’ ಎಂದರೆ ಮುಗಿಯಿತು. ಒಟ್ಟು ವಾಕ್ಯ ಹೀಗೆ: ‘ನೋವ್ಗೊರೊದ್‌ನಲ್ಲಿ ಸಿಕ್ಕ ಪತ್ರಗಳನ್ನು ಅಧ್ಯಯನ ಮಾಡುತ್ತಿರುವ ವಿದ್ವಾಂಸರು ಹುಡುಗ ಬರೆದ ಪತ್ರವೊಂದನ್ನು ಓದಿದರು.’

ಭೂತ ಕರ್ಮಣಿಗೆ ಒಂದು ಮೊಟಕು ರೂಪವೂ ಇದೆ, ಅದರಲ್ಲಿ ಎರಡು ನ್ ಒಂದಾಗುತ್ತದೆ. ‘ಪಿಸ್ಮೋ ನಪೀಸಾನೊ’ ಎಂದರೆ ಪತ್ರ ಬರೆದಾಗಿದೆ. ಅದು ನಾಮಪದಕ್ಕೆ ವಿಶೇಷಣವಲ್ಲ, ವಾಕ್ಯದ ಕ್ರಿಯೆಯೇ ಅದು. ಅಂಗಡಿ ಬಾಗಿಲಿನ ‘ಜ಼ಕ್ರೀತೊ’, ಮುಚ್ಚಿದೆ ಎಂಬ ಫಲಕ ಈ ಜಾತಿಯದು. ಕೃದಂತಗಳಲ್ಲಿ ಜನರ ಬಾಯಲ್ಲಿ ಸಲೀಸಾಗಿ ಓಡಾಡುವುದು ಇದೊಂದೇ.

ಕ್ರಿಯೆಯ ನೆನಪು ಅಳಿಸಿಹೋಗಿ ನಾಮಪದಗಳಾದವುಗಳ ಕಥೆ ಬೇರೆ. ‘ಉಚಾಶ್ಚಿಯ್‌ಸ್ಯ’ ಮೂಲದಲ್ಲಿ ಕಲಿಯುತ್ತಿರುವ, ಬಳಕೆಯಲ್ಲಿ ವಿದ್ಯಾರ್ಥಿ. ಸೋವಿಯತ್ ಕಾಲದ ಘೋಷಣೆಗಳಲ್ಲಿ ಮತ್ತೆ ಮತ್ತೆ ಬರುವ ‘ತ್ರುದ್ಯಾಶ್ಚಿಯೆಸ್ಯ’ ಎಂದರೆ ದುಡಿಯುವ ಜನ. ನಾವೂ ‘ಬಂದವರು’, ‘ಉಳ್ಳವರು’ ಎಂದು ಕೃದಂತದಿಂದಲೇ ಜನರನ್ನು ಹೆಸರಿಸುತ್ತೇವೆ. ಆದರೆ ನಮ್ಮಲ್ಲಿ ‘ಅವರು’ ಸೇರಿ ಗುರುತು ಸಿಗುತ್ತದೆ, ರಷ್ಯನ್‌ನಲ್ಲಿ ರೂಪ ಕಿಂಚಿತ್ತೂ ಬದಲಾಗದು. ಲಿಂಗ, ವಚನ, ವಿಭಕ್ತಿ ಮೂರೂ ಹೊಂದುವ ನಾಮಪದ ಹಿಂದೆಯೂ ಮುಂದೆಯೂ ಸಿಗದೆ ಹೋದರೆ ಆ ಕೃದಂತವನ್ನೇ ನಾಮಪದವೆಂದು ಓದಿ ನೋಡಬೇಕು. ನಾವು ಬಿಚ್ಚಿದ ವಾಕ್ಯದ ಮೊದಲ ಪದ ‘ಉಚ್ಯೋನಿಯೆ’ ಕೂಡ ಕಲಿಸು ಎಂಬ ಧಾತುವಿನಿಂದ ಕರ್ಮಣಿಯ ಅಚ್ಚಿನಲ್ಲೇ ಹುಟ್ಟಿದ್ದು. ಕಾಲಕ್ರಮದಲ್ಲಿ ಅದು ನಾಮಪದವಾಗಿ ನಿಂತಿತು, ಬರೆಯುವಾಗ ನ್ ಕೂಡ ಒಂದೇ.